ದಾಂಪತ್ಯದಲ್ಲಿ ಪಾರದರ್ಶಕತೆ ಮತ್ತು ಕಾವಲು

ದಂಪತಿಗಳು ತಾವಿರುವ ಸ್ಥಳವನ್ನು ಮೊಬೈಲಿನಲ್ಲಿ ಪರಸ್ಪರ ತೋರಿಸುವುದು ಈಗ ರೂಢಿಯಾಗಿದೆ. ವಾಟ್ಸಾಪಿನಲ್ಲಿ ಇದಕ್ಕೆ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರು ಅವಧಿಗಳುಂಟು. ಅವಧಿ ತೀರಿದೊಡನೆ ಅದು ತಾನಾಗಿಯೇ ನಿಲ್ಲುತ್ತದೆ. ರಾತ್ರಿಯ ಬಸ್ಸಿನಲ್ಲಿ ಬರುವ ಪತ್ನಿ 1 ಗಂಟೆಯ ಮಟ್ಟಿಗೆ ತನ್ನ ದಾರಿಯನ್ನು ತೋರಿದರೆ ಅದು ಪಾರದರ್ಶಕತೆ. ಮರುದಿನ ತೋರದಿದ್ದುದಕ್ಕೆ ಆಕೆ ಕಾರಣ ಹೇಳಬೇಕಾಗಿ ಬಂದರೆ, ಕಾವಲು ಆರಂಭವಾಯಿತೆಂದೇ ತಿಳಿಯಬೇಕು.

ಪಾಸ್‌ವರ್ಡಿಗೆ ಇಂಥ ಅವಧಿಯಿಲ್ಲ. ತವರಿನವರೂ ಗೆಳತಿಯರೂ ಆಕೆಯನ್ನು ನಂಬಿ ಬರೆದುದನ್ನು ಸಹ ಅದು ತೆರೆದಿಡುತ್ತದೆ. ಅವರ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ.

ಪತಿ ಗುಟ್ಟಾಗಿ ಮುದ್ರಿಸಿಕೊಂಡ ಪತ್ನಿಯ ಮಾತುಗಳನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆದರೆ ಬೇಹುಗಾರಿಕೆಯವರೆಗೆ ಬಂದ ದಾಂಪತ್ಯದಲ್ಲಿ ನಂಬಿಕೆ ಆಗಲೇ ಮುರಿದಿರುತ್ತದೆಂದೂ ಅದು ಸೂಚಿಸಿತು. ಕೊಟ್ಟುದನ್ನು ಕಾರಣ ಹೇಳದೆ ಹಿಂದೆಗೆದುಕೊಳ್ಳಲು ಸಾಧ್ಯವಿರುವವರೆಗೆ ಮಾತ್ರ ಅದು ಪಾರದರ್ಶಕತೆಯೆಂದು ನಾವು ಭಾವಿಸುತ್ತೇವೆ.