ರಸೀದಿ ಇಲ್ಲದವರಿಗೂ ಒಂದು ವಂದನೆ

ಬೀದಿ ಗಣೇಶೋತ್ಸವದ ಕೊನೇ ದಿನ. ಪ್ರಾರ್ಥನೆ, ಸ್ವಾಗತ, ಅತಿಥಿಗಳ ಭಾಷಣ ಎಲ್ಲಾ ಮುಗಿದು ‘ಈಗ ವಂದನಾರ್ಪಣೆ’ ಅಂತ ಮೈಕ್‌ನಲ್ಲಿ ಕೇಳಿದ್ದೇ ತಡ, ಅರ್ಧ ಜನ ಎದ್ದು ಪ್ರಸಾದದ ಸಾಲಿನ ಕಡೆ ಹೊರಟುಬಿಡ್ತಾರೆ. ಈ ಕೆಲಸ ಸಾಮಾನ್ಯವಾಗಿ ಬೀಳೋದು ಸಮಿತಿಯ ಅತಿ ಕಿರಿಯರ ತಲೆಗೆ. ‘ನೀನು ಆಫೀಸ್‌ನಲ್ಲಿ ಪ್ರೆಸೆಂಟೇಶನ್ ಎಲ್ಲಾ ಮಾಡ್ತೀಯಲ್ಲಪ್ಪಾ, ಎರಡು ಮಾತಾಡು’ ಅಂತ ಹಿರಿಯರು ಚೀಟಿ ಕೈಗಿಡ್ತಾರೆ. ಈ ಸಲ ಆ ಚೀಟಿ ನಿಮ್ಮ ಕೈಗೆ ಬಂದರೆ?

ಚೀಟಿಯಲ್ಲಿ ಇರೋದು ಬಹುತೇಕ ರಸೀದಿ ಪುಸ್ತಕದಿಂದ ಇಳಿಸಿಕೊಂಡ ಹೆಸರುಗಳು. ತೊಂದರೆ ಶುರುವಾಗೋದೇ ಇಲ್ಲಿ. ದುಡ್ಡು ಕೊಟ್ಟವರನ್ನು ರಸೀದಿ ನೆನಪಿಟ್ಟುಕೊಳ್ಳುತ್ತೆ. ತಮ್ಮ ಮನೆ ಸಂಪಿನ ನೀರು ಕೊಟ್ಟವರು, ಅಡುಗೆ ಪಾತ್ರೆ ಇಡೋಕೆ ಕಾರ್ ಶೆಡ್ ಖಾಲಿ ಮಾಡಿಕೊಟ್ಟವರು, ರಾತ್ರಿ ಪೆಂಡಾಲ್‌ನಲ್ಲಿ ಮಲಗಿ ಕಾವಲು ಕಾದ ಹುಡುಗರು, ಇವರಿಗೆ ರಸೀದಿ ಇಲ್ಲ. ಮುಂದಿನ ವರ್ಷ ನೀರು ಕೇಳೋಕೆ ಹೋದಾಗ ‘ಈ ಸಲ ಆಗಲ್ಲ ಬಿಡಿ’ ಅನ್ನೋ ಉತ್ತರ ಬರೋದೂ ಇಂಥ ಮನೆಗಳಿಂದಲೇ.

ಹಾಗಾಗಿ ಪಟ್ಟಿಯನ್ನು ಕೊನೇ ದಿನ ಬರೆಯಬೇಡಿ. ಪೆಂಡಾಲ್‌ಗೆ ಕಂಬ ನೆಡುವ ದಿನದಿಂದಲೇ ಫೋನ್‌ನಲ್ಲಿ ಮೂರು ಸಾಲು ಇಟ್ಟುಕೊಳ್ಳಿ: ಹಣ, ವಸ್ತು, ಕೆಲಸ. ರಾತ್ರಿ ಮಲಗುವ ಮುಂಚೆ ಆ ದಿನದ ಹೆಸರು ಸೇರಿಸಿ. ಅಡುಗೆಯ ಉಸ್ತುವಾರಿ ನೋಡಿದವರಿಗೂ, ಅಲಂಕಾರ ಮಾಡಿಸಿದವರಿಗೂ ಪಟ್ಟಿ ತೋರಿಸಿ, ‘ಯಾರು ಬಿಟ್ಟುಹೋಗಿದ್ದಾರೆ?’ ಅಂತ ಕೇಳಿ. ನಿಮಗೆ ಗೊತ್ತೇ ಇಲ್ಲದ ಹೆಸರುಗಳು ಸಿಗೋದು ಅಡುಗೆ ಕಡೆಯಿಂದ.

ಇನ್ನು ಸಮಯ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು ಅನ್ನೋದು ನಿಯಮ, ಕಾರ್ಯಕ್ರಮ ಹೇಗೂ ತಡ ಆಗಿರುತ್ತೆ. ನಿಮಗೆ ಸಿಗೋದು 4-5 ನಿಮಿಷ. ನಲವತ್ತು ಮನೆಗಳ ಒಂದು ಬೀದಿ ಅಂದ್ಕೊಳ್ಳಿ. ಎಲ್ಲಾ ಮನೆಯವರೂ ಚಂದಾ ಕೊಟ್ಟಿದ್ದಾರೆ. ಆ ನಲವತ್ತು ಹೆಸರು ಓದಿದರೆ ಸಮಯ ಅಲ್ಲೇ ಮುಗಿಯಿತು. ಚಂದಾ ಪಟ್ಟಿಯನ್ನು ಪೆಂಡಾಲ್ ಪಕ್ಕದ ಬೋರ್ಡ್‌ಗೆ ಹಾಕಿ, ಮೈಕ್‌ನಲ್ಲಿ ಎಲ್ಲರಿಗೂ ಸೇರಿಸಿ ಒಂದೇ ವಾಕ್ಯ ಹೇಳಿ. ಯಾರು ಎಷ್ಟು ಕೊಟ್ಟರು ಅಂತ ಮೊತ್ತ ಓದಬೇಡಿ. ನೂರೊಂದು ಕೊಟ್ಟ ಅಜ್ಜಿ ಮುಂದಿನ ಸಾಲಲ್ಲೇ ಕೂತಿರ್ತಾರೆ. ‘ಹೆಸರು ಬೇಡ’ ಅಂದವರ ಹೆಸರು ಬಾಯಿತಪ್ಪಿಯೂ ಬರಬಾರದು. ಉಳಿದ ಸಮಯ ವಸ್ತು ಮತ್ತು ಕೆಲಸದ ಸಾಲಿನವರಿಗೆ.

ಅವರ ಹೆಸರಿನ ಜೊತೆ ಮಾಡಿದ ಕೆಲಸವನ್ನೂ ಹೇಳಿ. ‘ಸಹಕರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು’ ಅಂದರೆ ಯಾರೂ ತಲೆ ಎತ್ತಿ ನೋಡಲ್ಲ. ‘ಮೂರು ದಿನವೂ ಬೆಳಗ್ಗೆ ಐದಕ್ಕೆ ಬಂದು ಗಣಪತಿಗೆ ಗರಿಕೆ ಬಿಡಿಸಿಕೊಟ್ಟ ಮೂಲೆಮನೆ ಅಜ್ಜಿಗೆ’ ಅನ್ನಿ, ಪ್ರಸಾದದ ಸಾಲಲ್ಲಿರೋರೂ ತಿರುಗಿ ನೋಡ್ತಾರೆ. ಇನ್ನೊಂದು ಗಮನಿಸಿ: ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ಹೆಸರಿಸಿ, ಇನ್ನೂರು ಕಡುಬು ಮಾಡಿದವರನ್ನು ಮಾತ್ರ ‘ಮಹಿಳೆಯರು’ ಅಂತ ಒಂದೇ ಪದದಲ್ಲಿ ಮುಗಿಸೋದು ಬಹಳ ಕಡೆ ನಡೆಯುತ್ತೆ. ಅವರ ಹೆಸರೂ ಓದಿ.

ನೆರೆಹೊರೆಯವರದ್ದು ಬೇರೆಯೇ ಲೆಕ್ಕ. ಅವರಲ್ಲಿ ಕೆಲವರು ಉತ್ಸವಕ್ಕೆ ಬಂದೇ ಇರಲ್ಲ. ಪೆಂಡಾಲ್‌ನಿಂದ ಗೇಟ್ ಮುಚ್ಚಿಹೋಗಿ ಮೂರು ದಿನ ಬೈಕನ್ನು ಬೇರೆ ಬೀದಿಯಲ್ಲಿ ನಿಲ್ಲಿಸಿದವರು, ಸ್ಪೀಕರ್ ಎದುರಿನ ಕಿಟಕಿಯ ಮನೆಯವರು, ಬೇರೆ ಧರ್ಮದವರಾದರೂ ಬೇಸರಿಸದೆ ದಾರಿ ಬಿಟ್ಟವರು. ‘ನಮ್ಮ ಹಬ್ಬಕ್ಕಾಗಿ ನೀವು ತೊಂದರೆ ತಗೊಂಡಿರಿ’ ಅಂತ ಅವರಿಗೆ ನೇರವಾಗಿ ಹೇಳಬೇಕು. ಮರುದಿನ ಬೆಳಗ್ಗೆ ಬಾಳೆಎಲೆ, ಹೂವಿನ ರಾಶಿ ಎತ್ತುವ ಪೌರಕಾರ್ಮಿಕರನ್ನೂ ಮರೆಯಬೇಡಿ. ಸಂಬಳ ಇದೆ ನಿಜ, ಆದರೆ ಆ ರಾಶಿ ನಮ್ಮದು.

ಕೊನೆಗೆ ‘ಯಾರ ಹೆಸರಾದರೂ ಬಿಟ್ಟಿದ್ದರೆ ಕ್ಷಮಿಸಿ’ ಅನ್ನೋ ವಾಕ್ಯ ಇದ್ದೇ ಇರುತ್ತೆ. ಅದರಿಂದ ಬಿಟ್ಟುಹೋದವರ ಮನಸ್ಸು ತಿಳಿಯಾಗಲ್ಲ. ಯಾರಾದರೂ ಪ್ರಸಾದ ತಗೊಳ್ಳದೆ ಬೇಗ ಹೊರಟರೆ, ಗ್ರೂಪ್‌ನಲ್ಲಿ ಫೋಟೋಗಳ ಕೆಳಗೆ ಎಲ್ಲರೂ ಮಾತಾಡುವಾಗ ಒಬ್ಬರು ಮಾತ್ರ ಸುಮ್ಮನಿದ್ದರೆ, ಒಮ್ಮೆ ಪಟ್ಟಿ ತೆಗೆದು ನೋಡಿ. ಹೆಸರು ಇಲ್ಲದಿದ್ದರೆ ಮೆಸೇಜ್ ಬೇಡ. ಪೆಂಡಾಲ್ ಬಿಚ್ಚುವ ದಿನವೇ ಇಬ್ಬರು ಪ್ರಸಾದ ಹಿಡಿದು ಅವರ ಮನೆಗೆ ಹೋಗಿ, ಅವರು ಮಾಡಿದ ಕೆಲಸವನ್ನು ಅವರೆದುರೇ ಹೇಳಿ ಬನ್ನಿ. ಮುಂದಿನ ವರ್ಷದ ಪಟ್ಟಿಯಲ್ಲಿ ಆ ಹೆಸರು ಮೊದಲು ಬರೆದಿಡಿ.