ಕೇಳಿದ ಹುದ್ದೆ ಒಂದು, ಕೊಟ್ಟದ್ದು ಇನ್ನೊಂದು

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರು ವರ್ಷ ದುಡಿದ ಹೆಣ್ಣುಮಗಳೊಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೇರೊಂದು ಕಂಪನಿಯ ಸೀನಿಯರ್ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕಿ, ನಾಲ್ಕು ಸುತ್ತಿನ ಸಂದರ್ಶನ ಮುಗಿಸಿ ಕಾಯುತ್ತಿದ್ದಾಳೆ. ಅಲ್ಲಿನ ಎಚ್‌ಆರ್ ಫೋನ್ ಮಾಡುತ್ತಾರೆ: "ಪ್ಯಾನೆಲ್‌ಗೆ ನೀವು ತುಂಬಾ ಇಷ್ಟ ಆದ್ರಿ ಮೇಡಂ. ಆದ್ರೆ ಸೀನಿಯರ್ ಆಗಲ್ಲ, ಅದರ ಕೆಳಗಿನ ಲೆವೆಲ್‌ಗೆ ತಗೋತೀವಿ ಅಂತಿದ್ದಾರೆ. ಹದಿನೆಂಟು ಲಕ್ಷ ಕೊಡ್ತೀವಿ. ಓಕೆನಾ?"

ಈಗ ಆಕೆಗೆ ಬರುತ್ತಿರುವುದು ಹದಿನೈದು ಲಕ್ಷ. ಮೂರು ಲಕ್ಷ ಹೆಚ್ಚು ಎಂದು ಕೇಳಿದ ಕೂಡಲೇ ಬಾಯಿ ತಾನಾಗಿ 'ಓಕೆ' ಎನ್ನುತ್ತದೆ. ಅವಮಾನವೆನಿಸಿದರೆ 'ಬೇಡ' ಎನ್ನುತ್ತದೆ. ಎರಡನ್ನೂ ಫೋನಿನಲ್ಲಿ ಹೇಳಬಾರದು. "ಸಂತೋಷ, ಆಫರ್‌ನ ವಿವರ ಇಮೇಲ್‌ನಲ್ಲಿ ಕಳಿಸಿ, ನೋಡಿ ಎರಡು ದಿನದಲ್ಲಿ ಉತ್ತರಿಸುತ್ತೇನೆ" ಎಂದರೆ ಸಾಕು. ಜೊತೆಗೆ ಒಂದೇ ಒಂದು ಪ್ರಶ್ನೆ: ಕೆಳಗಿನ ಲೆವೆಲ್ ಏಕೆ?

ಇದನ್ನು ಕೇಳಲು ಸಂಕೋಚಪಡುವವರೇ ಹೆಚ್ಚು. ಆದರೆ ಮುಂದಿನ ಮಾತೆಲ್ಲ ನಿಂತಿರುವುದು ಇದರ ಉತ್ತರದ ಮೇಲೆ. ಸಿಸ್ಟಮ್ ಡಿಸೈನ್ ಸುತ್ತಿನಲ್ಲಿ ಸಾಲಲಿಲ್ಲ ಎಂದರೆ ಅದು ನಿಮ್ಮ ಬಗೆಗಿನ ತೀರ್ಪು. ಆ ಒಂದು ಸುತ್ತನ್ನು ಮತ್ತೊಮ್ಮೆ ನಡೆಸುವಿರಾ ಎಂದು ವಿನಯದಿಂದ ಕೇಳಬಹುದು, ಕೆಲವರು ಒಪ್ಪುತ್ತಾರೆ. ಸೀನಿಯರ್ ಹುದ್ದೆ ಬೇರೆಯವರಿಗೆ ಹೋಯಿತು ಎಂದರೆ ಅದು ಖಾಲಿ ಜಾಗದ ಲೆಕ್ಕ, ನಿಮ್ಮ ಕೊರತೆಯಲ್ಲ. ಆಗ ಹಣದ ವಿಚಾರದಲ್ಲಿ ಗಟ್ಟಿಯಾಗಿ ಮಾತಾಡಲು ಜಾಗವಿದೆ. ಡೆವಲಪ್‌ಮೆಂಟ್ ಕೇಳಿದವರಿಗೆ ಸಪೋರ್ಟ್ ಕೆಲಸ ಕೊಟ್ಟಿದ್ದರೆ ಅದು ಮೂರನೆಯ ಬಗೆ. ಅಲ್ಲಿ ಸಂಬಳಕ್ಕಿಂತ ಮೊದಲು ನೋಡಬೇಕಾದದ್ದು ಎರಡು ವರ್ಷದ ನಂತರ ನಿಮ್ಮ ರೆಸ್ಯೂಮೆ ಏನು ಹೇಳುತ್ತದೆ ಎಂಬುದನ್ನು. ಸಪೋರ್ಟ್‌ನಿಂದ ಡೆವಲಪ್‌ಮೆಂಟ್‌ಗೆ ಮರಳುವ ದಾರಿ ಬಲು ಕಿರಿದು. ನಾನಾದರೆ, ಕೈಯಲ್ಲಿ ಕೆಲಸವಿರುವಾಗ ಇಂಥದನ್ನು ಒಪ್ಪುವುದಿಲ್ಲ.

ಇಮೇಲ್ ಬಂದಮೇಲೆ ಹದಿನೆಂಟು ಲಕ್ಷವನ್ನು ಬಿಡಿಸಿ ನೋಡಬೇಕು. ನಮ್ಮ ಉದಾಹರಣೆಯಲ್ಲಿ ಮೂಲ ವೇತನ ಅದರ ಅರ್ಧ, 9,00,000. ಅದರ 12 ಶೇಕಡಾದಂತೆ ಕಂಪನಿಯ ಪಾಲಿನ ಪಿಎಫ್ 1,08,000; ಗ್ರಾಚ್ಯುಟಿಗೆಂದು 43,290. ವೇರಿಯಬಲ್ ಪೇ ಎಂದು 1,80,000, ಅದು ಕೈಗೆ ಬಂದರೆ ಬಂತು. ಜಾಯಿನಿಂಗ್ ಬೋನಸ್ 1,00,000, ಅದು ಒಂದೇ ಸಲ. ವರ್ಷದೊಳಗೆ ಬಿಟ್ಟರೆ ಹಿಂತಿರುಗಿಸಬೇಕೆಂಬ ಷರತ್ತೂ ಇದೆ. ಇವನ್ನೆಲ್ಲ ಕಳೆದರೆ ಉಳಿಯುವುದು 13,68,710, ಅಂದರೆ ತಿಂಗಳಿಗೆ ಸುಮಾರು 1,14,000 ರೂಪಾಯಿ. ಆಕೆಯ ಹಳೆಯ ಹದಿನೈದು ಲಕ್ಷದಲ್ಲಿ ವೇರಿಯಬಲ್ಲೂ ಇಲ್ಲ, ಬೋನಸ್ಸೂ ಇಲ್ಲ. ಅಲ್ಲೂ ಮೂಲ ವೇತನ ಅರ್ಧವೇ. ಪಿಎಫ್, ಗ್ರಾಚ್ಯುಟಿ ಕಳೆದರೆ ತಿಂಗಳಿಗೆ 1,14,500 ಸಿಗುತ್ತಿದೆ. ತೆರಿಗೆ ಮತ್ತು ಸ್ವಂತ ಪಾಲಿನ ಪಿಎಫ್ ಇನ್ನೂ ಕಳೆದಿಲ್ಲ. ಹುದ್ದೆಯೂ ಏರಲಿಲ್ಲ, ತಿಂಗಳ ಸಂಬಳವೂ ಏರಲಿಲ್ಲ.

ಇನ್ನೊಂದು ವಿಷಯ ಪತ್ರದಲ್ಲಿ ಕಾಣುವುದಿಲ್ಲ. ಪ್ರತಿ ಲೆವೆಲ್‌ಗೂ ಸಂಬಳದ ಒಂದು ಕೆಳಮಿತಿ, ಒಂದು ಮೇಲ್ಮಿತಿ ಇರುತ್ತದೆ. ಕೆಳಗಿನ ಲೆವೆಲ್‌ನ ಮೇಲ್ಮಿತಿಗೆ ಹತ್ತಿರದ ಸಂಬಳ ಕೊಟ್ಟು ಸೇರಿಸಿಕೊಂಡರೆ, ಬಡ್ತಿ ಸಿಗುವ ತನಕ ವಾರ್ಷಿಕ ಏರಿಕೆ ಸಣ್ಣದಾಗುತ್ತದೆ. "ಈ ಲೆವೆಲ್‌ನ ಬ್ಯಾಂಡ್‌ನಲ್ಲಿ ನನ್ನ ಸಂಬಳ ಎಲ್ಲಿ ಬರುತ್ತದೆ?" ಎಂದು ಕೇಳಿ. ನಿಖರ ಅಂಕಿ ಹೇಳದಿದ್ದರೂ ಮೇಲೋ ನಡುವೋ ಎಂಬುದನ್ನಾದರೂ ಹೇಳುತ್ತಾರೆ.

ಈಗ ಉತ್ತರ. ಇಮೇಲ್ ಹೋಗುವುದು ಇಂಗ್ಲಿಷಿನಲ್ಲೇ ಆದರೂ ಅದರ ಒಳಗಿನ ಮಾತು ಇಷ್ಟು: "ಆಫರ್‌ಗೆ ಧನ್ಯವಾದ. ಈ ತಂಡದ ಕೆಲಸದಲ್ಲಿ ನನಗೆ ಆಸಕ್ತಿಯಿದೆ. ನಾನು ಅರ್ಜಿ ಹಾಕಿದ್ದು ಸೀನಿಯರ್ ಹುದ್ದೆಗೆ. ಈಗಿನ ಕೆಲಸದಲ್ಲೂ ಮೂವರಿಗೆ ಮಾರ್ಗದರ್ಶನ ಮಾಡುತ್ತಿದ್ದೇನೆ. ನೀವು ತಿಳಿಸಿದ ಲೆವೆಲ್‌ಗೇ ಸೇರಬೇಕಾದರೆ ನಿಗದಿತ ವೇತನ ಹದಿನಾರೂವರೆ ಲಕ್ಷವಾಗಬೇಕು, ಆರು ತಿಂಗಳಿಗೆ ಲೆವೆಲ್‌ನ ಮರುಪರಿಶೀಲನೆ ನಡೆಯುತ್ತದೆ ಎಂಬುದು ಬರಹದಲ್ಲಿ ಬರಬೇಕು. ಇದು ಸಾಧ್ಯವೇ?" ಎರಡೇ ಬೇಡಿಕೆ. ಹತ್ತು ಕೇಳಿದರೆ ಸುಲಭವಾದುದನ್ನು ಕೊಟ್ಟು ಮುಖ್ಯವಾದುದನ್ನು ತೇಲಿಸುತ್ತಾರೆ.

ಬಡ್ತಿಯನ್ನೇ ಯಾರೂ ಬರೆದುಕೊಡುವುದಿಲ್ಲ. ಮರುಪರಿಶೀಲನೆಯನ್ನು ಬರೆದುಕೊಡಬಹುದು. ಆಫರ್ ಪತ್ರದಲ್ಲಿ ಆಗದು ಎಂದರೆ ಮ್ಯಾನೇಜರ್‌ರಿಂದ ಇಮೇಲ್ ಬಂದರೂ ಆದೀತು. ಅದೂ ಇಲ್ಲದೆ, "ಸೇರ್ಕೊಳ್ಳಿ, ಆಮೇಲೆ ನೋಡೋಣ" ಎಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆರು ತಿಂಗಳಲ್ಲಿ ಆ ಮಾತು ಕೊಟ್ಟವರೇ ಬೇರೆ ಕಂಪನಿಯಲ್ಲಿರಬಹುದು.

ಕೈಯಲ್ಲಿ ಕೆಲಸವೇ ಇಲ್ಲದವರ ಪರಿಸ್ಥಿತಿ ಬೇರೆ. ಕೆಳಗಿನ ಲೆವೆಲ್ ಆದರೂ ಅದೇ ಬಗೆಯ ಕೆಲಸವಾದರೆ ಒಪ್ಪುವುದು ತಪ್ಪಲ್ಲ. ಒಪ್ಪದಿದ್ದರೂ ಎರಡು ಸಾಲು ಸಾಕು: ಧನ್ಯವಾದ, ಸೀನಿಯರ್ ಹುದ್ದೆ ಖಾಲಿಯಾದಾಗ ದಯವಿಟ್ಟು ತಿಳಿಸಿ. ಅದೇ ಎಚ್‌ಆರ್ ಮುಂದೆ ಬೇರೆ ಕಂಪನಿಯಿಂದ ಫೋನ್ ಮಾಡುವುದುಂಟು.

ಒಪ್ಪುವುದಾದರೆ, ತಿದ್ದಿದ ಪತ್ರ ಕೈಸೇರಿ, ಅದರಲ್ಲಿ ಹುದ್ದೆ, ಲೆವೆಲ್, ನಿಗದಿತ ವೇತನ ಮಾತಾಡಿದಂತೆಯೇ ಇವೆಯೇ ಎಂದು ಓದಿ ನೋಡುವ ತನಕ ಹಳೆಯ ಕಚೇರಿಯಲ್ಲಿ ರಾಜೀನಾಮೆ ಕೊಡಬೇಡಿ.