ಒಂದು ಬುಶ್‌ಗೆ ನೂರು ರೂಪಾಯಿ ಹೇಗಾಯಿತು?

ಬೆಂಗಳೂರಿನ ಪೀಣ್ಯದಲ್ಲಿ ಉಕ್ಕಿನ ಬಿಡಿಭಾಗ ತಿರುವಿಕೊಡುವ ಸಣ್ಣ ವರ್ಕ್‌ಶಾಪುಗಳು ಬೇಕಾದಷ್ಟಿವೆ. ಅಂಥದೊಂದರ ಒಂದು ತಿಂಗಳ ಲೆಕ್ಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ.

ಸಾವಿರ ಬುಶ್‌ಗಳ ಆರ್ಡರ್ ಬಂದಿದೆ. ಸ್ಟೋರ್ಸ್‌ಗೆ ಚೀಟಿ ಕೊಟ್ಟು 550 ಕಿಲೋ ರಾಡ್ ಪಡೆದರು. ಕಿಲೋಗೆ 80 ರೂಪಾಯಿಯಂತೆ 44,000 ಆಯಿತು. ಈ ಹಣ ಇನ್ನೂ ಖರ್ಚಲ್ಲ. ಕಚ್ಚಾ ಮಾಲಿನ ಖಾತೆಯಿಂದ ಅರೆತಯಾರಿ ಮಾಲಿನ ಖಾತೆಗೆ ದಾಟಿತು, ಅಷ್ಟೇ. ಲೇತ್‌ನಡಿ ಬಿದ್ದ ಚೂರು ಗುಜರಿಗೆ ಹೋಗಿ 4,000 ತಂದಿತು. ಉಳಿದದ್ದು 40,000. ಅದರ ಮೇಲೆ ಕೆಲಸಗಾರರ ಕೂಲಿ 18,000 ಸೇರಿತು.

ಇನ್ನು ಶೆಡ್ಡಿನ ಬಾಡಿಗೆ, ಯಂತ್ರದ ಸವಕಳಿ, ಸೂಪರ್‌ವೈಸರ್ ಸಂಬಳ. ಇವು ಯಾವ ಬುಶ್‌ಗೆ ಎಷ್ಟು ಎಂದು ಅಳೆಯಲಾಗದು. ಹಾಗಾಗಿ ವರ್ಷದ ಆರಂಭದಲ್ಲೇ ಒಂದು ದರ ಕಟ್ಟುತ್ತಾರೆ. ವರ್ಷದ ಇಂಥ ಖರ್ಚು 4,80,000, ಲೇತ್ ಓಡುವ ಗಂಟೆ 2,400 ಎಂದು ಅಂದಾಜಿಸಿದರೆ ಗಂಟೆಗೆ 200 ರೂಪಾಯಿ. ಈ ತಿಂಗಳು ಲೇತ್ 180 ಗಂಟೆ ಓಡಿತು. 36,000 ರೂಪಾಯಿ ಓವರ್‌ಹೆಡ್ ಮಾಲಿಗೆ ಸೇರಿತು. ಒಟ್ಟು 94,000.

ತಿಂಗಳ ಕೊನೆಗೆ 800 ಬುಶ್ ಮುಗಿದಿವೆ, 200 ಅರ್ಧಕ್ಕೆ ನಿಂತಿವೆ. 94,000ವನ್ನು ಸಾವಿರದಿಂದ ಭಾಗಿಸಿದರೆ ಲೆಕ್ಕ ಕೆಡುತ್ತದೆ. ಉಕ್ಕು ಸಾವಿರಕ್ಕೂ ಪೂರ್ತಿ ಹೋಗಿದೆ, ತಲಾ 40 ರೂಪಾಯಿ. ಕೂಲಿ, ಓವರ್‌ಹೆಡ್ ಮಾತ್ರ ಆ 200ಕ್ಕೆ ಅರ್ಧವೇ ತಗುಲಿದೆ, ಅಂದರೆ 100 ಪೂರ್ತಿ ಬುಶ್‌ಗಳ ಸಮ. ಆದ್ದರಿಂದ 54,000ವನ್ನು 900ರಿಂದ ಭಾಗಿಸಬೇಕು, ತಲಾ 60. ಸಿದ್ಧ ಬುಶ್‌ಗೆ ನೂರು ರೂಪಾಯಿಯಾಗಿ 80,000 ಸಿದ್ಧ ಸರಕಿಗೆ ಹೋಯಿತು. 14,000 ಲೇತ್‌ಗಳ ನಡುವೆಯೇ ಉಳಿಯಿತು. ಆ 'ಅರ್ಧ' ಎನ್ನುವ ಅಂದಾಜೇ ಇಡೀ ಲೆಕ್ಕದ ದುರ್ಬಲ ಜಾಗ. ಅದನ್ನು ಮುಕ್ಕಾಲು ಎಂದು ಬರೆದರೆ ಅರೆತಯಾರಿ ಮಾಲಿನ ಬೆಲೆ ಕಾಗದದಲ್ಲಿ ಉಬ್ಬುತ್ತದೆ. ಅದಕ್ಕೇ ಆಫೀಸಿನಲ್ಲಿ ಕೂತು ಎಣಿಸುವ ಬದಲು ನೆಲಕ್ಕಿಳಿದು ನೋಡಬೇಕು.

ಅಂದಹಾಗೆ, ಆ ತಿಂಗಳ ನಿಜವಾದ ಓವರ್‌ಹೆಡ್ 40,000. ಲೇತ್ 20 ಗಂಟೆ ಸುಮ್ಮನಿದ್ದುದರಿಂದ 4,000 ಯಾವ ಬುಶ್‌ಗೂ ಅಂಟಲಿಲ್ಲ. ಅದನ್ನು ಬುಶ್‌ಗಳ ಮೇಲೆ ಹೇರಬಾರದು; ನಮ್ಮ ಲೆಕ್ಕಪತ್ರ ಮಾನದಂಡಗಳ ಪ್ರಕಾರವೂ ಅದು ಆ ಅವಧಿಯ ಖರ್ಚು. ಹೇರಿದರೆ ಕೆಲಸ ಕಡಿಮೆಯಿದ್ದಾಗಲೇ ದರ ಏರಿ, ಇದ್ದ ಗಿರಾಕಿಯೂ ಕೈತಪ್ಪುತ್ತಾನೆ.

ಇದರ ತಿರುಗುಮುರುಗು ಇನ್ನೂ ಅಪಾಯದ್ದು. ಆರ್ಡರ್ ಇಲ್ಲದೆಯೂ ಯಂತ್ರ ಓಡಿಸಿ ಗೋದಾಮು ತುಂಬಿಸಿದರೆ ಬಾಡಿಗೆಯ ಪಾಲು ಮಾರಾಟವಾಗದ ಮಾಲಿನೊಳಗೆ ಅಡಗುತ್ತದೆ, ಆ ವರ್ಷದ ಲಾಭ ಹೆಚ್ಚಿದಂತೆ ಕಾಣುತ್ತದೆ. ಮಾರಾಟ ಏರದೆ ಲಾಭ ಏರಿದ ಕಾರ್ಖಾನೆಯ ಲೆಕ್ಕ ಕೈಗೆ ಬಂದರೆ ಮೊದಲು ಅದರ ಸಿದ್ಧ ಸರಕಿನ ದಾಸ್ತಾನು ನೋಡಿ.